ಝೂಮ್ ಪೋಲ್, ಸ್ಲೈಡೊ: ವೆಬಿನಾರ್ ಮುಗಿದ ಮೇಲೆ ಯಾವುದು ಕೆಲಸಕ್ಕೆ ಬರುತ್ತದೆ?

ವೆಬಿನಾರ್ ನಡೆಯುತ್ತಿರುವಾಗ ಝೂಮ್‌ನೊಳಗಿನ ಪೋಲ್‌ಗೂ, ಪೋಲ್ ಮತ್ತು ಪ್ರಶ್ನೋತ್ತರ ನಡೆಸಲು ಬಳಸುವ ಸ್ಲೈಡೊ ಎಂಬ ಬೇರೆ ವೆಬ್ ಸೇವೆಗೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಪ್ರಶ್ನೆ ಹಾಕುತ್ತೇವೆ, ಜನ ಒತ್ತುತ್ತಾರೆ, ಶೇಕಡಾ ಲೆಕ್ಕ ಬರುತ್ತದೆ. ವ್ಯತ್ಯಾಸ ಗೊತ್ತಾಗುವುದು ಆಮೇಲೆ, ಫಲಿತಾಂಶದ ಫೈಲ್ ತೆರೆದು ಕೂತಾಗ. ಎರಡನ್ನೂ ಬೇರೆ ಬೇರೆಯಾಗಿ ಬಳಸಿದ್ದೇನೆ, ಒಂದೇ ವೆಬಿನಾರ್‌ನಲ್ಲಿ ಒಟ್ಟಿಗೂ ಬಳಸಿದ್ದೇನೆ. ಈಗ ನನ್ನ ಪಕ್ಷ ಹೀಗಿದೆ: ಪೋಲ್‌ಗೆ ಝೂಮ್, ಪ್ರಶ್ನೋತ್ತರಕ್ಕೆ ಸ್ಲೈಡೊ.

ಮೊದಲು ಪೋಲ್. ಝೂಮ್‌ನಲ್ಲಿ ಪೋಲ್ ಶುರು ಮಾಡಿದ ಕೂಡಲೇ ಅದು ನೋಡುಗರ ಪರದೆಯ ಮೇಲೇ ಬಂದು ನಿಲ್ಲುತ್ತದೆ. ಸ್ಲೈಡೊದಲ್ಲಿ ಅವರು ಸಾಮಾನ್ಯವಾಗಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕು, ಇಲ್ಲವೇ slido.com ತೆರೆದು ಕೋಡ್ ಹಾಕಬೇಕು. ಫೋನಿನಲ್ಲೇ ವೆಬಿನಾರ್ ನೋಡುತ್ತಿರುವವರು ಅದೇ ಫೋನಿನಿಂದ ಅದೇ ಪರದೆಯ ಕೋಡನ್ನು ಸ್ಕ್ಯಾನ್ ಮಾಡುವುದು ಹೇಗೆ? ಅವರಿಗಾಗಿ ಚಾಟ್‌ನಲ್ಲಿ ಲಿಂಕ್ ಹಾಕಲೇಬೇಕು. ಹಾಕಿದರೂ ಕೆಲವರು ಆ ಕಡೆ ಹೋಗುವುದೇ ಇಲ್ಲ.

ಇನ್ನೊಂದು ವಿಷಯ. ಸ್ಲೈಡೊದಲ್ಲಿ ಫಲಿತಾಂಶವನ್ನು ಪರದೆಯಲ್ಲಿ ಬಿಟ್ಟರೆ ಮತ ಬೀಳುತ್ತಿದ್ದಂತೆಯೇ ಗೆರೆಗಳು ಏರುವುದು ಎಲ್ಲರಿಗೂ ಕಾಣುತ್ತದೆ. ನೋಡಲು ಚೆಂದ. ಆದರೆ ಆಮೇಲೆ ಒತ್ತುವವರು ಗೆಲ್ಲುತ್ತಿರುವ ಉತ್ತರದ ಕಡೆಗೇ ವಾಲುವ ಅಪಾಯವಿದೆ. ಹಾಗಾಗಿ ಮತದಾನ ಮುಗಿಯುವ ತನಕ ಫಲಿತಾಂಶ ಮುಚ್ಚಿಡುವುದು ಒಳ್ಳೆಯದು. ಝೂಮ್‌ನಲ್ಲಿ ನಾವೇ ಹಂಚಿದಾಗ ಮಾತ್ರ ನೋಡುಗರಿಗೆ ಫಲಿತಾಂಶ ಕಾಣುತ್ತದೆ.

ನನಗೆ ಇದೆಲ್ಲಕ್ಕಿಂತ ಮುಖ್ಯವಾದದ್ದು ಫೈಲ್. ಹೆಸರಿಲ್ಲದ ಪೋಲ್ ಎಂದು ಗುರುತು ಹಾಕದಿದ್ದರೆ, ಝೂಮ್‌ನ ಪೋಲ್ ವರದಿಯಲ್ಲಿ ಪ್ರತಿ ಉತ್ತರದ ಜೊತೆ ಹೆಸರು, ಇಮೇಲ್, ಸಮಯ ಇರುತ್ತದೆ. ಇಮೇಲ್ ಇದೆ ಎಂದರೆ ಅದನ್ನು ನೋಂದಣಿ ಪಟ್ಟಿಗೂ ಹಾಜರಿ ಪಟ್ಟಿಗೂ ಹೊಂದಿಸಬಹುದು. ಹೆಸರು ದಾಖಲಾಗುತ್ತದೆ ಎಂದು ಜನರಿಗೆ ಮೊದಲೇ ಹೇಳುವುದು ನ್ಯಾಯ, ಅಲ್ವಾ? ಸ್ಲೈಡೊದಲ್ಲಿ ಸಾಮಾನ್ಯವಾಗಿ ಎಲ್ಲರೂ ಹೆಸರಿಲ್ಲದೆಯೇ ಬರುತ್ತಾರೆ. ಎಷ್ಟು ಮತ ಎಂದು ಗೊತ್ತಾಗುತ್ತದೆ, ಯಾರದು ಎಂದು ಗೊತ್ತಾಗುವುದಿಲ್ಲ. ಫೋನಿನಲ್ಲೊಮ್ಮೆ ಲ್ಯಾಪ್‌ಟಾಪ್‌ನಲ್ಲೊಮ್ಮೆ ಒತ್ತಿದವರು ಇಬ್ಬರಾಗಿಯೇ ಲೆಕ್ಕಕ್ಕೆ ಬರುತ್ತಾರೆ.

ಹೆಸರು ಯಾಕೆ ಬೇಕು ಎನ್ನುವವರಿಗಾಗಿ ಒಂದು ಲೆಕ್ಕ. ಸುಮ್ನೆ ಉದಾಹರಣೆಗೆ, ಸ್ಪ್ರೆಡ್‌ಶೀಟ್ ಕಲಿಸುವ ವೆಬಿನಾರ್ ಎಂದುಕೊಳ್ಳಿ. ಪೋಲ್ ಹಾಕಿದ ಹೊತ್ತಿಗೆ 125 ಮಂದಿ ಇದ್ದರು. ಮುಂದಿನ ಸಲ ಏನು ಬೇಕು ಎಂಬ ಪ್ರಶ್ನೆಗೆ 50 ಮಂದಿ ಉತ್ತರಿಸಿದರು. ಪಿವಟ್ ಟೇಬಲ್‌ಗೆ 30, ಫಾರ್ಮುಲಾಗೆ 12, ಚಾರ್ಟ್‌ಗೆ 8. ಪರದೆಯಲ್ಲಿ ಪಿವಟ್ ಟೇಬಲ್ 60% ಎಂದು ಕಾಣುತ್ತದೆ. ಆದರೆ ಅದು ಉತ್ತರಿಸಿದವರ 60%. ಇದ್ದವರ ಲೆಕ್ಕದಲ್ಲಿ 24% ಮಾತ್ರ.

ಈಗ ನೋಂದಣಿ ಪಟ್ಟಿ ಪಕ್ಕಕ್ಕಿಡಿ. ಸ್ಪ್ರೆಡ್‌ಶೀಟ್ ಎಷ್ಟು ಬಳಸಿದ್ದೀರಿ ಎಂದು ಅಲ್ಲಿ ಮೊದಲೇ ಕೇಳಿದ್ದಿರಿ. ಇದ್ದ 125ರಲ್ಲಿ ಹೊಸಬರು 70, ಪಳಗಿದವರು 55. ಮತ ಹಾಕಿದವರಲ್ಲಿ ಹೊಸಬರು 10, ಪಳಗಿದವರು 40. ಹೊಸಬರಲ್ಲಿ 8 ಮಂದಿಗೆ ಫಾರ್ಮುಲಾ ಬೇಕು, ಇಬ್ಬರಿಗೆ ಪಿವಟ್. ಪಳಗಿದವರಲ್ಲಿ 28 ಪಿವಟ್, 4 ಫಾರ್ಮುಲಾ, 8 ಚಾರ್ಟ್. ಆಯಾ ಗುಂಪಿನ ಮೌನಿಗಳೂ ತಮ್ಮವರಂತೆಯೇ ಒತ್ತುತ್ತಿದ್ದರು ಎಂದು ಹಿಡಿದು ಮತ್ತೆ ಕೂಡಿಸಿದರೆ ಫಾರ್ಮುಲಾ ಸುಮಾರು 49%, ಪಿವಟ್ 42%. ಗೆದ್ದದ್ದೇ ಬದಲಾಯಿತು! ಹತ್ತೇ ಹೊಸಬರ ಮಾತಿನ ಮೇಲೆ ನಿಂತ ಲೆಕ್ಕ ಇದು, ಗಟ್ಟಿ ಎಂದು ಹೇಳಲಾರೆ. ಆದರೆ 60% ಎಂಬುದನ್ನು ಹಾಗೇ ನಂಬಬಾರದು ಎನ್ನಲು ಇಷ್ಟು ಸಾಕು. ಹೊಸಬರು ಯಾಕೆ ಒತ್ತಲಿಲ್ಲ ಎಂದೂ ಕೇಳಿಕೊಳ್ಳಬೇಕು. ಪಿವಟ್ ಟೇಬಲ್ ಎಂದರೇನು ಎಂದೇ ಗೊತ್ತಿಲ್ಲದವರು ಯಾವುದನ್ನು ಒತ್ತಿಯಾರು? "ಇನ್ನೂ ಗೊತ್ತಿಲ್ಲ" ಎಂಬ ಆಯ್ಕೆ ಇಟ್ಟರೆ ಅವರೂ ಲೆಕ್ಕಕ್ಕೆ ಸಿಗುತ್ತಾರೆ.

ಪೋಲ್ ಹಾಕಿದ ಹೊತ್ತಿಗೆ ಎಷ್ಟು ಮಂದಿ ಇದ್ದರು ಎಂಬುದನ್ನು ಝೂಮ್‌ನ ಹಾಜರಿ ವರದಿಯಿಂದ ತೆಗೆಯಬೇಕು. ಅದರಲ್ಲಿ ನಡೆಸುವವರು, ಭಾಷಣಕಾರರು, ನೋಡುಗರು ಎಲ್ಲರೂ ಒಂದರ ಕೆಳಗೊಂದು ಕಂತೆಯಾಗಿ ಇರುತ್ತಾರೆ. ನೋಡುಗರ ಕಂತೆಯನ್ನಷ್ಟೇ ಬೇರೆ ಹಾಳೆಗೆ ಹಾಕಿಕೊಳ್ಳಿ. ನೆಟ್ ಹೋಗಿ ಮತ್ತೆ ಬಂದವರಿಗೆ ಎರಡು ಮೂರು ಸಾಲು ಇರುತ್ತದೆ. ಹಾಗಾಗಿ ಸಾಲು ಎಣಿಸಬೇಡಿ, ಇಮೇಲ್ ಎಣಿಸಿ. ಬಿ ಕಾಲಂನಲ್ಲಿ ಇಮೇಲ್, ಸಿ ಯಲ್ಲಿ ಬಂದ ಸಮಯ, ಡಿ ಯಲ್ಲಿ ಹೋದ ಸಮಯ, ಎಚ್1ರಲ್ಲಿ ಪೋಲ್ ಹಾಕಿದ ಸಮಯ ಇದ್ದರೆ ಗೂಗಲ್ ಶೀಟ್ಸ್‌ನಲ್ಲಿ ಇಷ್ಟು ಸಾಕು:

```
=COUNTUNIQUE(FILTER(B2:B400, C2:C400<=H1, D2:D400>=H1))
```

ಉತ್ತರ ವಿಚಿತ್ರವಾಗಿ ಬಂದರೆ ಸಮಯದ ಕಾಲಂ ನೋಡಿ. ಬರೀ ಪಠ್ಯವಾಗಿ ಬಂದಿದ್ದರೆ ಅಂಕಿಗಳು ಎಡಕ್ಕೆ ಅಂಟಿಕೊಂಡಿರುತ್ತವೆ, ಹೋಲಿಕೆ ಕೆಲಸ ಮಾಡುವುದಿಲ್ಲ. ಅದನ್ನು ದಿನಾಂಕ-ಸಮಯಕ್ಕೆ ಬದಲಿಸಿಕೊಂಡ ಮೇಲೆ ಸರಿಹೋಗುತ್ತದೆ.

ಪ್ರಶ್ನೋತ್ತರಕ್ಕೆ ಬಂದರೆ ನನ್ನ ತಕ್ಕಡಿ ಸ್ಲೈಡೊ ಕಡೆಗೆ ವಾಲುತ್ತದೆ, ಕಾರಣವೂ ಅದೇ ಹೆಸರು. ಝೂಮ್‌ನಲ್ಲೂ ಹೆಸರಿಲ್ಲದೆ ಕೇಳಲು ಬಿಡಬಹುದು. ಆದರೆ ನಾವು ಮೊದಲು ಅದಕ್ಕೆ ಅವಕಾಶ ಕೊಡಬೇಕು, ಕೇಳುವವರೂ ಪ್ರತಿ ಸಲ ಗುರುತು ಹಾಕಬೇಕು. ಸ್ಲೈಡೊದಲ್ಲಿ ಅದು ತಾನಾಗಿಯೇ ಇರುತ್ತದೆ. "ಇದು ತೀರಾ ಸಣ್ಣ ಪ್ರಶ್ನೆ ಇರಬಹುದು, ಆದರೂ..." ಎಂದು ಶುರುವಾಗುವ ಪ್ರಶ್ನೆಗಳು ನನಗೆ ಅಲ್ಲೇ ಜಾಸ್ತಿ ಸಿಕ್ಕಿವೆ. ಕೆಲಸಕ್ಕೆ ಬರುವ ಪ್ರಶ್ನೆಗಳೂ ಹೆಚ್ಚಾಗಿ ಅವೇ.

ಮೆಚ್ಚುಗೆ ಒತ್ತುವ ಸೌಕರ್ಯ ಎರಡರಲ್ಲೂ ಇದೆ. ಅದನ್ನು ಓದುವಾಗ ಹುಷಾರು. ಐದನೇ ನಿಮಿಷದಲ್ಲಿ ಬಂದ ಪ್ರಶ್ನೆಗೆ ಮೆಚ್ಚುಗೆ ಸಿಗಲು ಪೂರ್ತಿ ವೆಬಿನಾರ್ ಇದೆ, ಐವತ್ತನೇ ನಿಮಿಷದ್ದಕ್ಕೆ ಸಮಯವೇ ಇಲ್ಲ. ಮೇಲೆ ನಿಂತದ್ದು ಮೇಲೇ ಇರುವುದರಿಂದ ಇನ್ನಷ್ಟು ಜನ ಅದನ್ನೇ ಒತ್ತುತ್ತಾರೆ. ನಡುವೆ ಒಮ್ಮೆ ಹೊಸ ಪ್ರಶ್ನೆಗಳ ಪಟ್ಟಿಗೆ ತಿರುಗಿಸಿ ನೋಡಿದರೆ ಕೆಳಗೆ ಸಿಕ್ಕಿಹಾಕಿಕೊಂಡದ್ದು ಕಾಣುತ್ತದೆ. ಒಂದೇ ವಿಷಯದ ಮೂರು ಪ್ರಶ್ನೆಗಳಿಗೆ 9, 7, 4 ಮೆಚ್ಚುಗೆ ಬಂದಿದ್ದರೆ 20 ಮಂದಿ ಕೇಳಿದರು ಎಂದು ಬರೆಯಬೇಡಿ. ಅವರೇ ಮತ್ತೆ ಮತ್ತೆ ಒತ್ತಿದ್ದರೆ, ಮೂರಕ್ಕೂ ಸೇರಿ ಒತ್ತಿದವರು ಒಂಬತ್ತೇ ಮಂದಿ ಇರಬಹುದು.

ಝೂಮ್‌ನ ಪ್ರಶ್ನೋತ್ತರ ವರದಿಯಲ್ಲಿ ಬರೆದು ಕೊಟ್ಟ ಉತ್ತರ ಉಳಿಯುತ್ತದೆ. ಬಾಯಲ್ಲಿ ಹೇಳಿದ್ದಕ್ಕೆ ಹೇಳಲಾಯಿತು ಎಂಬ ಗುರುತು ಮಾತ್ರ, ಏನು ಹೇಳಿದೆವು ಎಂದು ತಿಳಿಯಲು ರೆಕಾರ್ಡಿಂಗ್ ಕೇಳಬೇಕು. ಚಾಟ್‌ನಲ್ಲಿ ಹಾಕಿದ ಪ್ರಶ್ನೆಗಳು ಆ ವರದಿಗೆ ಬರುವುದೇ ಇಲ್ಲ. ಸ್ಲೈಡೊ ಬಳಸುವವರು ಫೈಲ್ ಇಳಿಸಿಕೊಳ್ಳುವ ಸೌಕರ್ಯ ತಮ್ಮ ಪ್ಲಾನ್‌ನಲ್ಲಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಲಿ.

ಎರಡನ್ನೂ ಒಟ್ಟಿಗೆ ಬಳಸುವುದಾದರೆ ಝೂಮ್‌ನ ಪ್ರಶ್ನೋತ್ತರವನ್ನು ಆಫ್ ಮಾಡಿ. ಇಲ್ಲದಿದ್ದರೆ ಅರ್ಧ ಪ್ರಶ್ನೆಗಳು ಇಲ್ಲಿ, ಅರ್ಧ ಅಲ್ಲಿ. ಇನ್ನು ಯೂಟ್ಯೂಬ್ ಲೈವ್‌ನಲ್ಲೂ ಜನ ನೋಡುತ್ತಿದ್ದಾರೆ ಎಂದಾದರೆ ನನ್ನ ವಿಂಗಡಣೆ ನಡೆಯುವುದಿಲ್ಲ. ಅವರಿಗೆ ಝೂಮ್ ಪೋಲ್ ಕಾಣುವುದೇ ಇಲ್ಲ, ಪೋಲ್ ಕೂಡ ಸ್ಲೈಡೊದಲ್ಲೇ ಮಾಡಬೇಕು. ಲೈವ್ ಅವರಿಗೆ ತಡವಾಗಿ ತಲುಪುವುದರಿಂದ, ಒಳಗಿದ್ದವರು ಮುಗಿಸಿದರೂ ಪೋಲನ್ನು ಇನ್ನೊಂದು ನಿಮಿಷ ತೆರೆದಿಡಿ.