ಸಿಟಿಯಲ್ಲಿ ಏನೂ ಇಲ್ಲ, ಎಂಆರ್‌ಐಯಲ್ಲಿ ಬಿಳಿ ಚುಕ್ಕೆ

ಮಲ್ಪೆಯಲ್ಲಿ ನನ್ನದೊಂದು ಸಣ್ಣ ವೆಲ್ಡಿಂಗ್ ಶಾಪ್ ಇದೆ. ಬೋಟಿನ ಕೆಲಸವೇ ಜಾಸ್ತಿ. ಒಂದು ದಿನ ಬೆಳಿಗ್ಗೆ ಆರೂವರೆಗೆ ಚಹಾದ ಲೋಟ ಬಲಗೈಯಿಂದ ಜಾರಿತು. ಎತ್ತಲು ಹೋದರೆ ಬೆರಳು ಮಡಚುತ್ತಿಲ್ಲ, ಮಾತೂ ತೊದಲುತ್ತಿದೆ. ಎಂಟು ಗಂಟೆಗೆ ಉಡುಪಿಯ ಆಸ್ಪತ್ರೆಯಲ್ಲಿದ್ದೆ.

ಮೊದಲು ಸಿಟಿ ಸ್ಕ್ಯಾನ್ ಮಾಡಿದರು. ಮಲಗಿದೆ, ತಲೆ ಒಂದು ದೊಡ್ಡ ಬಳೆಯಂಥದ್ದರೊಳಗೆ ಹೋಯಿತು, ಐದು ನಿಮಿಷದಲ್ಲಿ ಹೊರಗೆ. ರಿಪೋರ್ಟ್: ನಾರ್ಮಲ್. ಹೆಂಡತಿ ಉಸಿರು ಬಿಟ್ಟಳು. ಡಾಕ್ಟರ್ ಮಾತ್ರ, "ಇದು ಸ್ಟ್ರೋಕೇ" ಎಂದರು.

ಅದು ಹೇಗೆ ಮಾರಾಯ್ರೆ ಅಂತ ನನಗೂ ಅನಿಸಿತು. ಸಿಟಿ ಎಂದರೆ ಎಕ್ಸ್‌ರೇ. ಹೊಸದಾಗಿ ರಕ್ತ ಸೋರಿದ್ದರೆ ಅದರಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ. ರಕ್ತನಾಳ ಕಟ್ಟಿಕೊಂಡಿದ್ದರೆ ಮೊದಲ ಕೆಲವು ಗಂಟೆ ಎಷ್ಟೋ ಸಲ ಏನೂ ಕಾಣುವುದಿಲ್ಲ. ಡಾಕ್ಟರಿಗೆ ಆಗ ಬೇಕಿದ್ದದ್ದು ಒಂದೇ ಉತ್ತರ: ತಲೆಯೊಳಗೆ ರಕ್ತ ಸೋರಿದೆಯೋ ಇಲ್ಲವೋ? ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ರಕ್ತ ಸೋರಿದವರಿಗೆ ಅದನ್ನು ಕೊಟ್ಟರೆ ಜೀವಕ್ಕೇ ಕುತ್ತು. ನನಗೆ ಸೋರಿರಲಿಲ್ಲ, ಕೊಟ್ಟರು.

ಮರುದಿನ ಎಂಆರ್‌ಐ. ಒಳಗೆ ಬಿಡುವ ಮೊದಲೇ ಪ್ರಶ್ನೆಗಳ ಸಾಲು. ಪೇಸ್‌ಮೇಕರ್ ಇದೆಯಾ? ವೆಲ್ಡಿಂಗ್, ಗ್ರೈಂಡಿಂಗ್ ಮಾಡ್ತೀರಾ? ಮಾಡ್ತೇನೆ ಎಂದದ್ದೇ ತಡ, ಕಣ್ಣಿನ ಎಕ್ಸ್‌ರೇ ತೆಗೆಸಿದರು. ಕಣ್ಣಲ್ಲಿ ಕಬ್ಬಿಣದ ಚೂರು ಉಳಿದಿದ್ದರೆ ಅಲ್ಲಿನ ಅಯಸ್ಕಾಂತ ಅದನ್ನು ಎಳೆದು ಕಣ್ಣನ್ನೇ ಹಾಳು ಮಾಡಬಹುದಂತೆ. ಸೊಂಟದ ಉಡಿದಾರವೂ ಬಿಚ್ಚಿಸಿದರು. ಆಮೇಲೆ ಅರ್ಧ ಗಂಟೆ ಅಲ್ಲಾಡದೆ ಮಲಗಬೇಕು. ಕಿವಿಗೆ ಹತ್ತಿ ಇಟ್ಟರೂ ಸದ್ದು ನನ್ನ ಶಾಪಿಗಿಂತ ಜೋರು! ಹಿಂದಿನ ದಿನ ಇದನ್ನೇ ಮೊದಲು ಮಾಡುತ್ತಾ ಕೂತಿದ್ದರೆ ಇಂಜೆಕ್ಷನ್ನಿಗೆ ಎಷ್ಟು ತಡವಾಗುತ್ತಿತ್ತು ಎಂದು ಆಗ ಗೊತ್ತಾಯಿತು.

ಸ್ಕ್ರೀನಿನಲ್ಲಿ ಮೆದುಳಿನ ಕಾಂಡದ ಎಡಬದಿಗೆ ಕಡಲೆಕಾಳಿನಷ್ಟು ಬಿಳಿ ಚುಕ್ಕೆ. ರಕ್ತ ಸಿಗದ ಕೋಶಗಳು ನೀರು ಕುಡಿದು ಊದುತ್ತವೆ, ನೀರಿನ ಓಡಾಟ ಅಲ್ಲಿ ಕುಗ್ಗುತ್ತದೆ. ಡಿಫ್ಯೂಷನ್ ಎಂಬ ಚಿತ್ರದಲ್ಲಿ ಅದು ಬೇಗನೆ ಬೆಳ್ಳಗೆ ಕಾಣಿಸುತ್ತದೆ. ಕಾಂಡದ ಸುತ್ತ ದಪ್ಪ ಎಲುಬು ಇರುವುದರಿಂದ ಸಿಟಿಗೆ ಆ ಜಾಗ ಮೊದಲೇ ಮಸುಕು. ಆದರೆ ಅಲ್ಲಿನ ಸಣ್ಣ ಸ್ಟ್ರೋಕ್ ಮೊದಲ ದಿನ ಎಂಆರ್‌ಐಗೂ ತಪ್ಪಿಸಿಕೊಳ್ಳುವುದುಂಟು. ಅದಕ್ಕೇ ಡಾಕ್ಟರ್ ಸ್ಕ್ಯಾನ್ ಜೊತೆ ನನ್ನ ಕೈ, ಮಾತನ್ನೂ ಮತ್ತೆ ಮತ್ತೆ ನೋಡುತ್ತಿದ್ದರು.

ಕಳೆದ ತಿಂಗಳು ತಂಗಿಯ ಮಗ ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ. ಬರೀ ಸಿಟಿ ಮಾಡಿದರು. "ದೊಡ್ಡ ಸ್ಕ್ಯಾನೇ ಮಾಡಿಸುವ ಅಣ್ಣ, ದುಡ್ಡು ಹೋದರೆ ಹೋಗಲಿ" ಎಂದಳು ತಂಗಿ. ಎಲುಬು ಒಡೆದಿದೆಯಾ, ರಕ್ತ ಸೋರಿದೆಯಾ ಎಂದು ತಕ್ಷಣ ತಿಳಿಯಲು ಸಿಟಿಯೇ ಸರಿ, ಸುಮ್ನೆ ಇರು ಎಂದೆ. ಅವನಿಗೆ ಎರಡೂ ಇರಲಿಲ್ಲ.