ಮೂರು ಅಂತಸ್ತಿನ ಮನೆಗೆ ಎರಡು ಯೂನಿಟ್‌ನ ಮೆಶ್ ರೂಟರ್: ವರ್ಷಕ್ಕೂ ಜಾಸ್ತಿ ಬಳಸಿದ ಮೇಲೆ

ನಮ್ಮದು ನೆಲಮಹಡಿ, ಅದರ ಮೇಲೆ ಎರಡು ಮಹಡಿ. ಫೈಬರ್ ಬರುವುದು ಕೆಳಗಿನ ಹಾಲ್‌ಗೆ. ಎಎಕ್ಸ್ 3000 ವರ್ಗದ ಮೆಶ್ ಸೆಟ್, ಅಂದರೆ ಎರಡು ಯೂನಿಟ್ ಸೇರಿ ಮನೆಗೆಲ್ಲ ಒಂದೇ ವೈಫೈ ಕೊಡುವ ರೂಟರ್, ಹಾಕಿಸಿ ಒಂದು ವರ್ಷ ದಾಟಿದೆ. ಒಟ್ಟಾರೆ ಖುಷಿಯಾಗಿದ್ದೇನೆ. ಆದರೆ ಆ ಖುಷಿಗೆ ಅರ್ಧ ಕಾರಣ ರೂಟರ್ ಅಲ್ಲ, ಅದರ ಹಿಂದಿನ ಕೇಬಲ್.

ಮೊದಲು ಇದ್ದದ್ದು ಆರು ಆಂಟೆನಾದ ಒಂದೇ ರೂಟರ್. ಪ್ಲಾನ್ 500 ಎಂಬಿಪಿಎಸ್. ಹಾಲ್‌ನಲ್ಲಿ ಅಷ್ಟೂ ಸಿಗುತ್ತಿತ್ತು. ಒಂದು ಸ್ಲ್ಯಾಬ್ ದಾಟಿದರೆ 120ರ ಆಸುಪಾಸು. ಎರಡು ಸ್ಲ್ಯಾಬ್ ದಾಟಿದರೆ ಫೋನ್ ತಾನಾಗೇ 5 ಗಿಗಾಹರ್ಟ್ಸ್ ಬಿಟ್ಟು 2.4ಕ್ಕೆ ಇಳಿಯುತ್ತಿತ್ತು, ವೇಗ 15-20. ಕಾಂಕ್ರೀಟು, ಅದರೊಳಗಿನ ಕಬ್ಬಿಣದ ಸರಳು ಎರಡೂ ಸಿಗ್ನಲ್ ತಿನ್ನುತ್ತವೆ. 5 ಗಿಗಾಹರ್ಟ್ಸ್‌ಗೆ ಏಟು ಜಾಸ್ತಿ. ಇದಕ್ಕೆ ಇನ್ನೂ ದೊಡ್ಡ ರೂಟರ್ ತಂದರೆ ಆಗಲ್ವಾ? ದೊಡ್ಡದಾಗಿ ಏನೂ ಬದಲಾಗುವುದಿಲ್ಲ. ರೂಟರ್ ಎಷ್ಟು ಶಕ್ತಿಯಲ್ಲಿ ಪ್ರಸಾರ ಮಾಡಬಹುದು ಎಂಬುದಕ್ಕೆ ಕಾನೂನಿನ ಮಿತಿ ಇದೆ. ಅದೂ ಅಲ್ಲದೆ, ಫೋನ್ ಕೂಡ ಕೆಳಗಿನವರೆಗೆ ಉತ್ತರ ಕಳಿಸಬೇಕು, ಅದರ ದನಿ ಸಣ್ಣದು. ಮೇಲಿನ ಕೋಣೆಯಲ್ಲಿ ಎರಡು ಗೆರೆ ಸಿಗ್ನಲ್ ಕಂಡರೂ ವಿಡಿಯೊ ಕಾಲ್‌ನಲ್ಲಿ ನಮ್ಮ ಮುಖ ಆ ಕಡೆಯವರಿಗೆ ಗಕ್ಕನೆ ನಿಂತುಬಿಡುವುದು ಇದರಿಂದಲೇ.

ಡಬ್ಬದ ಮೇಲಿನ 3000 ಎಂಬ ಸಂಖ್ಯೆಯನ್ನೂ ಒಮ್ಮೆ ಬಿಡಿಸಿ ನೋಡಿ. 2.4 ಗಿಗಾಹರ್ಟ್ಸ್ ಬ್ಯಾಂಡ್‌ನ 574 ಎಂಬಿಪಿಎಸ್, 5ರ 2402, ಎರಡನ್ನೂ ಕೂಡಿಸಿ ಸ್ವಲ್ಪ ಏರಿಸಿದ್ದಾರೆ, ಅಷ್ಟೆ. ಸಾಮಾನ್ಯವಾಗಿ ಒಂದು ಫೋನ್ ಒಂದು ಸಲಕ್ಕೆ ಒಂದೇ ಬ್ಯಾಂಡ್‌ನಲ್ಲಿ ಇರುತ್ತದೆ. ಆ 2402 ಕೂಡ 160 ಮೆಗಾಹರ್ಟ್ಸ್ ಅಗಲದ ಚಾನೆಲ್‌ನಲ್ಲಿ ಮಾತ್ರ. ಬಹಳಷ್ಟು ಫೋನ್‌ಗಳು 80ರಲ್ಲೇ ಓಡುತ್ತವೆ, ಅಲ್ಲಿಗೆ 1201 ಆಯಿತು. ಅದರಲ್ಲೂ ಕೈಗೆ ಸಿಗುವುದು ಸುಮಾರು ಮೂರನೇ ಎರಡು ಭಾಗ, ಅದೂ ರೂಟರ್ ಪಕ್ಕದಲ್ಲೇ ಕೂತರೆ. ನಮ್ಮ ಪ್ಲಾನ್‌ಗೆ ಅದು ಧಾರಾಳ. ಅದಕ್ಕೇ ದೊಡ್ಡ ಸಂಖ್ಯೆಯ ಹಿಂದೆ ಹೋಗಲಿಲ್ಲ.

ಶುರುವಿನಲ್ಲಿ ಎರಡನೇ ಯೂನಿಟ್ ಅನ್ನು ಕೇಬಲ್ ಇಲ್ಲದೆ ಮೊದಲ ಮಹಡಿಯಲ್ಲಿ ಇಟ್ಟೆವು. ಮೇಲೆ 90ರಷ್ಟು ಬಂತು. ಕೆಳಗಿನಿಂದ ತೆಗೆದುಕೊಳ್ಳುವುದಕ್ಕೂ ಫೋನ್‌ಗೆ ಕೊಡುವುದಕ್ಕೂ ಅದೇ 5 ಗಿಗಾಹರ್ಟ್ಸ್ ಬಳಕೆಯಾಗುವುದರಿಂದ ವೇಗ ಹೆಚ್ಚು ಕಡಿಮೆ ಅರ್ಧಕ್ಕೆ ಬೀಳುತ್ತದೆ. ಆಮೇಲೆ ಮೆಟ್ಟಿಲ ಪಕ್ಕದ ಪೈಪಿನಲ್ಲಿ ಕ್ಯಾಟ್ 6 ಕೇಬಲ್ ಎಳೆಸಿ, ಯೂನಿಟ್ ಅನ್ನು ಎರಡನೇ ಮಹಡಿಗೇ ಒಯ್ದೆವು. ಈಗ ಮಧ್ಯದ ಮಹಡಿಗೆ ಎರಡೂ ಕಡೆಯಿಂದ ಒಂದೇ ಸ್ಲ್ಯಾಬ್.

ಆದರೆ ಮೇಲೆ ವೇಗ 94ಕ್ಕೆ ನಿಂತಿತು. ಯಾವಾಗ ನೋಡಿದರೂ 94. ವೈಫೈ ಏರಿಳಿಯುತ್ತದೆ, ಹೀಗೆ ಗೋಡೆ ಕಟ್ಟಿದ ಹಾಗೆ ನಿಲ್ಲುವುದಿಲ್ಲ. ಹೀಗಾದರೆ ಕೇಬಲ್ ಅನ್ನೇ ಅನುಮಾನಿಸಿ. 100 ಎಂಬಿಪಿಎಸ್‌ಗೆ ಎರಡು ಜೋಡಿ ತಂತಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಮೇಲಿನ ತುದಿಯ ಕನೆಕ್ಟರ್‌ನಲ್ಲಿ ಕಂದು ತಂತಿ ಒಳಗಿನವರೆಗೆ ಹೋಗಿರಲಿಲ್ಲ. ಕತ್ತರಿಸಿ ಹೊಸ ಕನೆಕ್ಟರ್ ಹಾಕಿದ ಮೇಲೆ 480 ಬಂತು. ಕೆಲವು ಅಗ್ಗದ ರೂಟರ್‌ಗಳಲ್ಲಿ ಪೋರ್ಟೇ 100ರದ್ದಾಗಿರುತ್ತದೆ. ಅಲ್ಲಿ ಕೇಬಲ್ ಸರಿ ಮಾಡಿದರೂ ಪ್ರಯೋಜನವಿಲ್ಲ, ಹಾಗಾಗಿ ಕೊಳ್ಳುವಾಗಲೇ ಗಿಗಾಬಿಟ್ ಪೋರ್ಟ್ ಇದೆಯಾ ನೋಡಿ.

ಇಂಟರ್ನೆಟ್ ಕೊಡುವವರ ಡಬ್ಬದ ಜೊತೆ ಹೊಂದಿಸುವುದು ಸ್ವಲ್ಪ ತಲೆನೋವು. ಅವರ ಫೈಬರ್ ಮೋಡೆಮ್ ತಾನೂ ರೂಟರ್ ಕೆಲಸ ಮಾಡುತ್ತದೆ. ಅದಕ್ಕೆ ನಮ್ಮದನ್ನು ಸುಮ್ನೆ ಚುಚ್ಚಿದರೆ ರೂಟರ್ ಹಿಂದೆ ರೂಟರ್ ಆಗುತ್ತದೆ. ನಮ್ಮ ರೂಟರ್‌ನ ಸೆಟ್ಟಿಂಗ್ಸ್ ಪುಟದಲ್ಲಿ WAN ವಿಳಾಸ, ಅಂದರೆ ಹೊರಗಿನ ಸಂಪರ್ಕದ ವಿಳಾಸ, 192.168 ಎಂದು ಶುರುವಾದರೆ ಬಹುತೇಕ ಹಾಗೇ ಆಗಿದೆ ಎಂದರ್ಥ. ಸಿನಿಮಾ ನೋಡಲು ತೊಂದರೆಯಿಲ್ಲ, ಆನ್‌ಲೈನ್ ಆಟಗಳಿಗೆ ಕಿರಿಕಿರಿ. ಮೋಡೆಮ್ ಅನ್ನು ರೂಟರ್ ಕೆಲಸ ಬಿಟ್ಟು ಸಂಪರ್ಕವನ್ನಷ್ಟೇ ದಾಟಿಸುವ ಬ್ರಿಡ್ಜ್ ಮೋಡ್‌ಗೆ ಹಾಕಿಸಿ, ಕಂಪನಿಯ ಸಂಪರ್ಕಕ್ಕೆ ಲಾಗಿನ್ ಆಗುವ PPPoE ಬಳಕೆದಾರ ಹೆಸರು, ಪಾಸ್‌ವರ್ಡ್ ನಮ್ಮ ರೂಟರ್‌ನಲ್ಲಿ ಕೊಟ್ಟೆ. ಕೆಲವು ಕಂಪನಿಗಳಿಗೆ ತಮ್ಮ ಜಾಲದಲ್ಲಿ ಇಂಟರ್ನೆಟ್ ಸಂಪರ್ಕವನ್ನು ಗುರುತಿಸುವ VLAN ID ಎಂಬ ಸಂಖ್ಯೆ ಕೂಡ ಬೇಕು. ಅದನ್ನು ತುಂಬುವ ಜಾಗವೇ ನಿಮ್ಮ ರೂಟರ್‌ನಲ್ಲಿ ಇಲ್ಲದಿದ್ದರೆ ಎಷ್ಟು ಒಳ್ಳೆಯ ರೂಟರ್ ಆದರೂ ನೆಟ್ ಬರುವುದಿಲ್ಲ. ಕೊಳ್ಳುವ ಮೊದಲೇ ಕೇಳಿ. ಅವರು ಬ್ರಿಡ್ಜ್ ಮೋಡ್ ಕೊಡದಿದ್ದರೆ ಮೆಶ್ ಅನ್ನು ವೈಫೈ ಮಾತ್ರ ಹರಡುವ ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ ಓಡಿಸಬಹುದು, ಆದರೆ ಮಕ್ಕಳ ಫೋನ್‌ಗೆ ಸಮಯ ಮಿತಿ ಹಾಕುವಂಥ ಕೆಲವು ಸೌಲಭ್ಯ ಹೋಗುತ್ತವೆ. ಮೋಡೆಮ್‌ನ ವೈಫೈ ಆಫ್ ಮಾಡುವುದನ್ನು ಮರೆಯಬೇಡಿ.

ದೂರು ಒಂದಿದೆ. 160 ಮೆಗಾಹರ್ಟ್ಸ್ ಆನ್ ಇದ್ದಾಗ 5 ಗಿಗಾಹರ್ಟ್ಸ್ ಆಗಾಗ ಒಂದು ನಿಮಿಷ ಮಾಯವಾಗುತ್ತಿತ್ತು. ಅಷ್ಟು ಅಗಲದ ಚಾನೆಲ್ ರೇಡಾರ್ ಬಳಸುವ ಜಾಗಕ್ಕೂ ಚಾಚುತ್ತದೆ, ರೇಡಾರ್‌ನಂಥ ಸಿಗ್ನಲ್ ಕಂಡ ಕೂಡಲೇ ರೂಟರ್ ಜಾಗ ಬಿಡಬೇಕು. 80ಕ್ಕೆ ಇಳಿಸಿ, ಚಾನೆಲ್ 36 ಆರಿಸಿದ ಮೇಲೆ ನಿಂತಿತು.

ಕೇಬಲ್ ಎಳೆಯಲು ದಾರಿಯೇ ಇಲ್ಲದ ಮನೆಗೆ ಈ ಸೆಟ್ ಬೇಡ. ಯೂನಿಟ್‌ಗಳ ನಡುವಿನ ಮಾತಿಗೇ ಬೇರೆ 5 ಗಿಗಾಹರ್ಟ್ಸ್ ಮೀಸಲಿಟ್ಟ ಟ್ರೈ-ಬ್ಯಾಂಡ್ ನೋಡಿ. ಮೂರನೇ ಬ್ಯಾಂಡ್ 6 ಗಿಗಾಹರ್ಟ್ಸ್ ಆಗಿದ್ದರೆ ಅದು ಸ್ಲ್ಯಾಬ್ ದಾಟುವುದರಲ್ಲಿ ಇನ್ನೂ ಹಿಂದೆ.