ಪಾಲುದಾರಿಕೆ ಸಂಸ್ಥೆ ಕಂಪನಿಯಾಗುವಾಗ: ಬೆಲೆ ಪೂರ್ತಿ ಷೇರಿನಲ್ಲೋ, ಸ್ವಲ್ಪ ನಗದಲ್ಲೋ?

ಇಬ್ಬರು ಪಾಲುದಾರರ ಸಂಸ್ಥೆ ಅಂದುಕೊಳ್ಳಿ. ಆಸ್ತಿ 21 ಲಕ್ಷ, ಸಾಲ ಕೊಟ್ಟವರಿಗೆ ಕೊಡಬೇಕಾದ್ದು 3 ಲಕ್ಷ. ಬಂಡವಾಳ ಒಬ್ಬರದು 12 ಲಕ್ಷ, ಇನ್ನೊಬ್ಬರದು 6 ಲಕ್ಷ. ಲಾಭ ಮಾತ್ರ ಸಮಪಾಲು. ಹೊಸ ಕಂಪನಿ ಸಂಸ್ಥೆಗೆ ಕೊಡುವ ಖರೀದಿ ಬೆಲೆ 18 ಲಕ್ಷ.

ಪೂರ್ತಿ ಷೇರಿನಲ್ಲಿ ಕೊಟ್ಟರೆ, 10 ರೂಪಾಯಿಯ 1,80,000 ಷೇರು ಹಂಚಬೇಕು. ಕಂಪನಿಯ ಹೊಸ ಲೆಕ್ಕಪುಸ್ತಕದಲ್ಲಿ ಮೊದಲು ವ್ಯವಹಾರ ಖರೀದಿ ಖಾತೆಗೆ 18 ಲಕ್ಷ ಡೆಬಿಟ್, ಸಂಸ್ಥೆಯ ಖಾತೆಗೆ ಕ್ರೆಡಿಟ್. ಆಮೇಲೆ ಆಸ್ತಿಗಳಿಗೆ 21 ಲಕ್ಷ ಡೆಬಿಟ್, ಸಾಲ ಕೊಟ್ಟವರಿಗೆ 3 ಲಕ್ಷ ಮತ್ತು ವ್ಯವಹಾರ ಖರೀದಿಗೆ 18 ಲಕ್ಷ ಕ್ರೆಡಿಟ್. ಕೊನೆಗೆ ಸಂಸ್ಥೆಗೆ ಡೆಬಿಟ್, ಷೇರು ಬಂಡವಾಳಕ್ಕೆ ಕ್ರೆಡಿಟ್.

12 ಲಕ್ಷ ಷೇರು, 6 ಲಕ್ಷ ನಗದು ಅಂತಾದರೆ ಬದಲಾಗುವುದು ಕೊನೆಯ ನಮೂದು ಮಾತ್ರ: ಷೇರು ಬಂಡವಾಳಕ್ಕೆ 12 ಲಕ್ಷ, ಬ್ಯಾಂಕಿಗೆ 6 ಲಕ್ಷ ಕ್ರೆಡಿಟ್. ಆದರೆ ಹೊಸ ಕಂಪನಿಯ ಬ್ಯಾಂಕಿನಲ್ಲಿ ಅಷ್ಟು ಹಣ ಇರಬೇಕು, ಅಲ್ವಾ?

ದೊಡ್ಡ ವ್ಯತ್ಯಾಸ ತೆರಿಗೆಯಲ್ಲಿದೆ. ಬಂಡವಾಳ ಲಾಭದ ತೆರಿಗೆ ವಿನಾಯಿತಿ ಬೇಕೆಂದರೆ ಪಾಲುದಾರರಿಗೆ ಷೇರು ಬಿಟ್ಟು ಬೇರೇನೂ ಸಿಗಬಾರದು. ಷೇರನ್ನು ಬಂಡವಾಳದ ಅನುಪಾತದಲ್ಲೇ, ಅಂದರೆ 1,20,000 ಮತ್ತು 60,000 ಎಂದು ಹಂಚಬೇಕು. ಲಾಭ ಸಮ ಅಂತ ಸುಮ್ನೆ 90,000 ತಲಾ ಕೊಡುವುದು ಇಲ್ಲಿ ಆಗುವ ತಪ್ಪು. ಎಲ್ಲಾ ಆಸ್ತಿ, ಸಾಲವೂ ಕಂಪನಿಗೆ ಬರಬೇಕು. ಐದು ವರ್ಷ ಕಂಪನಿಯಲ್ಲಿ ಪಾಲುದಾರರ ಒಟ್ಟು ಮತದ ಪಾಲು ಶೇ. 50ಕ್ಕಿಂತ ಇಳಿಯಬಾರದು.

ಸಂಸ್ಥೆಯ ಜಾಗದ ಬೆಲೆ ಏರಿದ್ದರೆ ಬಂಡವಾಳ ಲಾಭವೂ ದೊಡ್ಡದು, ಹಾಗಾಗಿ ನಾನು ಪೂರ್ತಿ ಷೇರನ್ನೇ ಆರಿಸುತ್ತೇನೆ. ಒಬ್ಬರು ಹಣ ತೆಗೆದುಕೊಂಡು ಹೊರಹೋಗುವವರಿದ್ದರೆ ನಗದು ದಾರಿ ಸರಿ, ಆದರೆ ತೆರಿಗೆಯನ್ನು ಮೊದಲೇ ಲೆಕ್ಕ ಹಾಕಿ.